ನ್ಯಾಯಾಂಗ ಪರಾಮರ್ಶೆಯ ಆಧಾರಗಳು ಬೆಳೆದ ಬಗೆ: ಪರೀಕ್ಷೆಗೆ ಓದುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಕಾನೂನು ಕಾಲೇಜುಗಳಲ್ಲಿ ಆಡಳಿತ ಕಾನೂನಿನ ಪತ್ರಿಕೆಗೆ ತಯಾರಾಗುತ್ತಿರುವವರಿಗಾಗಿ ಇದನ್ನು ಬರೆದಿದ್ದೇವೆ. ಸರ್ಕಾರದ, ಪ್ರಾಧಿಕಾರಗಳ ಆದೇಶಗಳನ್ನು ನ್ಯಾಯಾಲಯ ಯಾವ ಯಾವ ಆಧಾರದ ಮೇಲೆ ರದ್ದು ಮಾಡುತ್ತದೆ, ಆ ಆಧಾರಗಳು ಯಾವ ಕಾಲಕ್ಕೆ ಹೇಗೆ ಬಂದವು ಎನ್ನುವುದಷ್ಟೇ ಇಲ್ಲಿನ ವಿಷಯ. ಶಾಸನಗಳನ್ನೇ ಪ್ರಶ್ನಿಸುವ ಸಂವಿಧಾನಾತ್ಮಕ ಪರಾಮರ್ಶೆ ಬೇರೆ ಅಧ್ಯಾಯ. ಅಗತ್ಯ ಬಿದ್ದ ಕಡೆ ಮಾತ್ರ ಅದು ಇಲ್ಲಿ ಬರುತ್ತದೆ.

"ಆಧಾರ" ಅಂದರೆ ಏನು? ಮೇಲ್ಮನವಿಗೂ ಇದಕ್ಕೂ ಏನು ವ್ಯತ್ಯಾಸ?

ಮೇಲ್ಮನವಿಯಲ್ಲಿ ಕೇಳುವ ಪ್ರಶ್ನೆ, ತೀರ್ಮಾನ ಸರಿಯೇ ತಪ್ಪೇ ಎನ್ನುವುದು. ಪರಾಮರ್ಶೆಯಲ್ಲಿ ಕೇಳುವ ಪ್ರಶ್ನೆ ಬೇರೆ: ಈ ತೀರ್ಮಾನ ಮಾಡುವ ಅಧಿಕಾರ ಇವರಿಗೆ ಇತ್ತೇ, ಇದ್ದರೆ ಅದನ್ನು ಬಳಸಿದ ರೀತಿ ಕಾನೂನಿಗೆ ಒಪ್ಪುತ್ತದೆಯೇ? ಈ ಎರಡನೆಯ ಪ್ರಶ್ನೆಗೆ "ಇಲ್ಲ" ಎನ್ನಲು ನ್ಯಾಯಾಲಯ ಕೊಡಬಹುದಾದ ಕಾರಣಗಳೇ ಆಧಾರಗಳು. ಟಾಟಾ ಸೆಲ್ಯುಲರ್ ಪ್ರಕರಣದಲ್ಲಿ (1994) ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ನಾಲ್ಕು ಮಹಾನಗರಗಳ ಮೊಬೈಲ್ ಫೋನ್ ಪರವಾನಗಿಯ ಟೆಂಡರ್ ಆ ಪ್ರಕರಣದ ವಸ್ತು. ನ್ಯಾಯಾಲಯ ಮೇಲ್ಮನವಿ ಕೇಳುವವರಂತೆ ಕೂರುವುದಿಲ್ಲ, ತೀರ್ಮಾನಕ್ಕೆ ಬಂದ ದಾರಿಯನ್ನಷ್ಟೇ ನೋಡುತ್ತದೆ ಎನ್ನುವುದು ಅಲ್ಲಿನ ಸಾರ.

ಪದಗಳ ಬಗ್ಗೆ ಒಂದು ಎಚ್ಚರಿಕೆ. ಕನ್ನಡದಲ್ಲಿ ಬರೆಯುವವರು ನ್ಯಾಯಾಂಗ ವಿಮರ್ಶೆ, ನ್ಯಾಯಿಕ ಪುನರ್ವಿಮರ್ಶೆ, ನ್ಯಾಯಾಂಗ ಪರಾಮರ್ಶೆ ಎಂದು ಬೇರೆ ಬೇರೆ ಪದ ಬಳಸುತ್ತಾರೆ. ಯಾವುದಾದರೂ ಒಂದನ್ನು ಹಿಡಿದು ಉತ್ತರದ ಕೊನೆಯವರೆಗೆ ಅದನ್ನೇ ಬಳಸಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ ರಿವ್ಯೂ ಅರ್ಜಿ, ಅಂದರೆ ಕೋರ್ಟು ತನ್ನದೇ ತೀರ್ಪನ್ನು ಮರಳಿ ನೋಡುವುದು, ಇದಲ್ಲ. ಆ ಎರಡನ್ನು ಬೆರೆಸಿ ಶುರು ಮಾಡಿದ ಉತ್ತರ ಮೊದಲ ಸಾಲಿನಲ್ಲೇ ಎಡವುತ್ತದೆ.

ಇಷ್ಟೊಂದು ಪ್ರಕರಣಗಳನ್ನು ಇಸವಿ ಪ್ರಕಾರ ನೆನಪಿಡುವುದು ಹೇಗೆ?

ಒಂದೇ ಉದ್ದ ಪಟ್ಟಿ ಮಾಡಬೇಡಿ. ಆಧಾರಗಳು ಒಂದರ ಹಿಂದೆ ಒಂದು ಬಂದಿದ್ದಲ್ಲ, ಪಕ್ಕಪಕ್ಕದಲ್ಲೇ ಬೆಳೆದವು. ಹಾಗಾಗಿ ನಾಲ್ಕು ಎಳೆಗಳಾಗಿ ಓದಿ: ಕಾನೂನುಬಾಹಿರತೆ, ಕಾರ್ಯವಿಧಾನದ ಲೋಪ, ಅತಾರ್ಕಿಕತೆ, ಪ್ರಮಾಣಬದ್ಧತೆ. ಕೊನೆಯದರ ಅರ್ಥ, ಕ್ರಮ ಉದ್ದೇಶಕ್ಕೆ ಬೇಕಾದಷ್ಟೇ ಇರಬೇಕು ಎನ್ನುವುದು. ಪ್ರತಿ ಎಳೆಯಲ್ಲಿ ನಾಲ್ಕೈದು ಪ್ರಕರಣ ಸಾಕು. ಈ ಹೆಸರುಗಳಲ್ಲಿ ಮೊದಲ ಮೂರನ್ನು ಒಟ್ಟಿಗೆ ಜೋಡಿಸಿಟ್ಟವರು ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಡಿಪ್ಲಾಕ್. ಅದು 1984ರ ನವೆಂಬರ್‌ನಲ್ಲಿ, ಬ್ರಿಟನ್ನಿನ ಗುಪ್ತಚರ ಸಂಸ್ಥೆ ಜಿಸಿಎಚ್‌ಕ್ಯು ಹೆಸರಿನಿಂದ ಜಿಸಿಎಚ್‌ಕ್ಯು ಪ್ರಕರಣ ಎಂದೇ ಹೆಸರಾದ ಸಿವಿಲ್ ಸರ್ವಿಸ್ ಯೂನಿಯನ್‌ಗಳ ತೀರ್ಪಿನಲ್ಲಿ. ನಾಲ್ಕನೆಯದು ಮುಂದೊಂದು ದಿನ ಸೇರಬಹುದು ಎಂದಷ್ಟೇ ಅವರು ಹೇಳಿದ್ದರು.

ಇಲ್ಲೇ ಬಹಳ ಮಂದಿ ತಪ್ಪುತ್ತಾರೆ. 1984ರಲ್ಲಿ ಆಧಾರಗಳು ಹುಟ್ಟಿದವು ಎಂದು ಬರೆಯುತ್ತಾರೆ. ಹುಟ್ಟಿದ್ದಲ್ಲ, ಅವಕ್ಕೆ ಹೆಸರಿಟ್ಟಿದ್ದು. ಡಿಪ್ಲಾಕ್ ಅವರ ಮುಂದೆ ಆಗಲೇ ನೂರಾರು ವರ್ಷಗಳ ತೀರ್ಪುಗಳಿದ್ದವು, ಅವರು ಅವನ್ನು ಮೂರು ಗೂಡುಗಳಲ್ಲಿ ಇಟ್ಟರು. ಉತ್ತರದಲ್ಲಿ ಈ ಮಾತು ಒಂದು ವಾಕ್ಯವಾಗಿ ಬಂದರೆ ನೀವು ಕಾಲಾನುಕ್ರಮವನ್ನು ಅರ್ಥ ಮಾಡಿಕೊಂಡಿದ್ದೀರಿ ಎಂದು ಮೌಲ್ಯಮಾಪಕರಿಗೆ ಗೊತ್ತಾಗುತ್ತದೆ.

ಕಾರ್ಯವಿಧಾನದ ಎಳೆ ಎಲ್ಲಿಂದ ಶುರು? ನಡುವೆ ಅದು "ಕಳೆದುಹೋಯಿತು" ಎನ್ನುತ್ತಾರಲ್ಲ, ಏನದು?

1863ರ ಕೂಪರ್ ವಿರುದ್ಧ ವಾಂಡ್ಸ್‌ವರ್ತ್ ಬೋರ್ಡ್‌ನಿಂದ ಶುರು ಮಾಡಿ. ಕಟ್ಟುವ ಮುಂಚೆ ತಿಳಿಸಲಿಲ್ಲ ಎಂದು ಮಂಡಳಿಯವರು ಕೂಪರ್ ಕಟ್ಟುತ್ತಿದ್ದ ಮನೆಯನ್ನು ಕೆಡವಿಹಾಕಿದರು. ಕೆಡವುವ ಅಧಿಕಾರ ಶಾಸನದಲ್ಲಿ ಇತ್ತು. ಕೆಡವುವ ಮೊದಲು ಮಾಲೀಕನ ಮಾತು ಕೇಳಬೇಕೆಂದು ಶಾಸನದಲ್ಲಿ ಇರಲಿಲ್ಲ. ಆದರೂ ಕೇಳಲೇಬೇಕಿತ್ತು, ಶಾಸನ ಬಿಟ್ಟ ಜಾಗವನ್ನು ಕೋರ್ಟುಗಳ ತೀರ್ಪುಗಳಿಂದಲೇ ಬೆಳೆದ ಸಾಮಾನ್ಯ ಕಾನೂನು ತುಂಬುತ್ತದೆ ಎಂದು ಕೋರ್ಟು ಹೇಳಿತು. ಬೆಂಗಳೂರಿನಲ್ಲಿ ಕಟ್ಟಡ ತೆರವಿನ ಸುದ್ದಿ ಓದಿದವರಿಗೆ ಈ ಸಂಗತಿ ನೆನಪಿನಲ್ಲಿ ಉಳಿಯುವುದು ಕಷ್ಟವಲ್ಲ.

ಆಮೇಲೆ ದಾರಿ ತಿರುಗಿತು. 1923ರ ಎಲೆಕ್ಟ್ರಿಸಿಟಿ ಕಮಿಷನರ್ಸ್ ಪ್ರಕರಣದಲ್ಲಿ ಲಾರ್ಡ್ ಜಸ್ಟಿಸ್ ಆಟ್ಕಿನ್, "ನ್ಯಾಯಿಕವಾಗಿ ವರ್ತಿಸುವ ಕರ್ತವ್ಯ" ಇರುವ ಸಂಸ್ಥೆಗಳ ಮಾತೆತ್ತಿದರು. ನಂತರದ ತೀರ್ಪುಗಳು ಅದನ್ನು ಪ್ರತ್ಯೇಕವಾದ, ಹೆಚ್ಚುವರಿ ಷರತ್ತು ಎಂದು ಓದಿದವು. ಪರಿಣಾಮವಾಗಿ ಆದೇಶ "ಬರೀ ಆಡಳಿತಾತ್ಮಕ" ಎಂದು ಕರೆಸಿಕೊಂಡರೆ ಸಾಕು, ಯಾರ ಮಾತನ್ನೂ ಕೇಳಬೇಕಿರಲಿಲ್ಲ. ಸುಮಾರು ನಾಲ್ಕು ದಶಕ ಹೀಗೆ ಸಾಗಿತು. ಅದನ್ನು ಸರಿಪಡಿಸಿದ್ದು 1963ರ ರಿಜ್ ವಿರುದ್ಧ ಬಾಲ್ಡ್ವಿನ್. ಬ್ರೈಟನ್‌ನ ಮುಖ್ಯ ಕಾನ್‌ಸ್ಟೇಬಲ್‌ನನ್ನು ವಿಚಾರಿಸದೆಯೇ ವಜಾ ಮಾಡಿದ್ದರು. ಲಾರ್ಡ್ ರೀಡ್ ಅವರು ಕೂಪರ್ ಪ್ರಕರಣದ ಹಳೆಯ ದಾರಿಗೆ ಮರಳಿ, ಆಟ್ಕಿನ್ ಮಾತನ್ನು ತಪ್ಪಾಗಿ ಓದಲಾಗಿದೆ ಎಂದು ತೋರಿಸಿ, ವಜಾ ಆದೇಶ ನಿಲ್ಲುವುದಿಲ್ಲ ಎಂದರು.

ಭಾರತದಲ್ಲಿ ಇದೇ ತಿರುವು ಯಾವಾಗ?

1969ರ ಕ್ರೈಪಾಕ್. ಈ ತೀರ್ಪು ಬರೆದವರು ನಮ್ಮ ಈಗಿನ ಉಡುಪಿ ಜಿಲ್ಲೆಯ ಕಾರ್ಕಳ ತಾಲ್ಲೂಕಿನ ಕೆ. ಎಸ್. ಹೆಗ್ಡೆ. ಅದಕ್ಕೂ ಮುಂಚೆ ಅವರು ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿ, ಮುಂದೆ ಲೋಕಸಭೆಯ ಸ್ಪೀಕರ್. ಸಂಗತಿ ಹೀಗಿದೆ. ಜಮ್ಮು ಕಾಶ್ಮೀರದಲ್ಲಿ ಭಾರತೀಯ ಅರಣ್ಯ ಸೇವೆಗೆ ಆಯ್ಕೆ ಮಾಡುವ ಮಂಡಳಿಯಲ್ಲಿ ಹಂಗಾಮಿ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ನಕಿಷ್‌ಬಂದ್ ಸದಸ್ಯರು. ಅದೇ ಹುದ್ದೆಗಳಿಗೆ ಅವರೇ ಅಭ್ಯರ್ಥಿ ಕೂಡ. ತಮ್ಮ ಹೆಸರು ಚರ್ಚೆಗೆ ಬಂದಾಗ ಮಾತ್ರ ಅವರು ಪಾಲ್ಗೊಳ್ಳಲಿಲ್ಲ, ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಕೂತಿದ್ದರು.

ಇದು ಆಡಳಿತಾತ್ಮಕ ಆಯ್ಕೆ, ಮಾತು ಕೇಳದೆ ತೀರ್ಮಾನಿಸಬಾರದು, ತನ್ನ ವಿಷಯದಲ್ಲಿ ತಾನೇ ತೀರ್ಪುಗಾರನಾಗಬಾರದು ಎನ್ನುವ ಸಹಜ ನ್ಯಾಯದ ನಿಯಮ ಇದಕ್ಕೆ ತಟ್ಟುವುದಿಲ್ಲ ಎನ್ನುವುದು ಸರ್ಕಾರದ ವಾದ. ಆಡಳಿತಾತ್ಮಕ, ಅರೆನ್ಯಾಯಿಕ ಎನ್ನುವ ಗೆರೆ ತೆಳುವಾಗುತ್ತಾ ಅಳಿಸಿಹೋಗುತ್ತಿದೆ, ಎರಡರ ಗುರಿಯೂ ನ್ಯಾಯಯುತ ತೀರ್ಮಾನವೇ ಎಂದು ಕೋರ್ಟು ಹೇಳಿ ಆಯ್ಕೆಯನ್ನು ರದ್ದು ಮಾಡಿತು. ಪರೀಕ್ಷೆಯಲ್ಲಿ ಕ್ರೈಪಾಕ್ ಅನ್ನು ಬರೀ "ಪಕ್ಷಪಾತದ ಪ್ರಕರಣ" ಎಂದು ಬರೆದು ಬಿಡುವವರೇ ಹೆಚ್ಚು. ಆ ಗೆರೆಯನ್ನು ಅಳಿಸಿದ್ದು ಅದರ ದೊಡ್ಡ ಕೆಲಸ. ಅದನ್ನು ರಿಜ್ ಪಕ್ಕದಲ್ಲಿಟ್ಟು ಬರೆದರೆ ಎಳೆ ಮುರಿಯುವುದಿಲ್ಲ.

ಅಲ್ಲಿಂದ ಮೇನಕಾ ಗಾಂಧಿ ಪ್ರಕರಣ (1978ರ ಜನವರಿ). ಪಾಸ್‌ಪೋರ್ಟ್ ಜಪ್ತಿಗೆ ಸರ್ಕಾರ ಕಾರಣ ತಿಳಿಸಲು ಒಪ್ಪಲಿಲ್ಲ. ಸಹಜ ನ್ಯಾಯಕ್ಕೆ ಈ ತೀರ್ಪು ಸಂವಿಧಾನದ 14 ಮತ್ತು 21ನೇ ವಿಧಿಗಳ ಬಲ ಕೊಟ್ಟಿತು. ಇಂಗ್ಲೆಂಡಿನಲ್ಲಿ ಅದು ಸಾಮಾನ್ಯ ಕಾನೂನಿನ ನಿಯಮ, ಸಂಸತ್ತು ಸ್ಪಷ್ಟ ಮಾತಿನಲ್ಲಿ ಅದನ್ನು ತೆಗೆದುಹಾಕಬಹುದು. ಇಲ್ಲಿ ಹಾಗೆ ತೆಗೆದುಹಾಕುವ ಶಾಸನವೇ ಪ್ರಶ್ನೆಗೆ ಒಳಗಾಗುತ್ತದೆ. ಈ ವ್ಯತ್ಯಾಸವನ್ನು ಬರೆಯದೆ ಮೇನಕಾ ಪ್ರಕರಣದ ಹೆಸರು ಮಾತ್ರ ಬರೆದರೆ ಪ್ರಯೋಜನವಿಲ್ಲ.

ವೆಡ್ನ್ಸ್‌ಬರಿ ಪ್ರಕರಣದಲ್ಲಿ ಸಿನಿಮಾ ಮಂದಿರದವರು ಗೆದ್ದರು ತಾನೆ?

ಇಲ್ಲ, ಸೋತರು. ಉತ್ತರ ಪತ್ರಿಕೆಗಳಲ್ಲಿ ಬಹಳ ಸಲ ಕಾಣುವ ತಪ್ಪು ಇದು.

ಭಾನುವಾರ ಸಿನಿಮಾ ತೋರಿಸಲು 1932ರ ಶಾಸನದಡಿ ಸ್ಥಳೀಯ ಸಂಸ್ಥೆ ಅನುಮತಿ ಕೊಡಬಹುದಿತ್ತು, "ತನಗೆ ಸರಿ ಕಂಡ" ಷರತ್ತುಗಳನ್ನೂ ಹಾಕಬಹುದಿತ್ತು. ವೆಡ್ನ್ಸ್‌ಬರಿಯ ಸಂಸ್ಥೆ ಹಾಕಿದ ಷರತ್ತು: ಭಾನುವಾರ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶವಿಲ್ಲ, ದೊಡ್ಡವರು ಜೊತೆಗಿದ್ದರೂ ಇಲ್ಲ. ಇದು ವಿವೇಚನೆಯಿಲ್ಲದ ಷರತ್ತು ಎಂದು ಮಂದಿರದವರು ಕೋರ್ಟಿಗೆ ಹೋದರು. ಲಾರ್ಡ್ ಗ್ರೀನ್ ತೀರ್ಪಿನಲ್ಲಿ ಎರಡು ಭಾಗ ಇದೆ, ಎರಡನ್ನೂ ಬರೆಯಬೇಕು. ಒಂದು, ಪರಿಗಣಿಸಬೇಕಾದ್ದನ್ನು ಬಿಟ್ಟರೆ, ಅಥವಾ ಪರಿಗಣಿಸಬಾರದ್ದನ್ನು ಪರಿಗಣಿಸಿದರೆ ಆದೇಶ ನಿಲ್ಲದು. ಎರಡು, ಅದೆಲ್ಲ ಸರಿಯಿದ್ದೂ ವಿವೇಕವುಳ್ಳ ಯಾವ ಸಂಸ್ಥೆಯೂ ಮಾಡಲಾರದಂಥ ತೀರ್ಮಾನ ಅದಾಗಿದ್ದರೆ ಆಗಲೂ ನಿಲ್ಲದು. ಮಕ್ಕಳ ಹಿತವನ್ನು ಗಮನಕ್ಕೆ ತಂದುಕೊಂಡದ್ದು ಅಸಂಗತವೇನಲ್ಲ, ಷರತ್ತು ಅಷ್ಟು ಅತಿಯಾದುದೂ ಅಲ್ಲ ಎಂದು ಕೋರ್ಟು ಷರತ್ತನ್ನು ಉಳಿಸಿತು.

ಸೋತ ಪ್ರಕರಣವೇ ಪರಾಮರ್ಶೆಯ ಅಳತೆಗೋಲಾಯಿತು. ಗೆರೆ ಎಷ್ಟು ಎತ್ತರದಲ್ಲಿದೆ ಎಂದು ಅದರಿಂದಲೇ ತಿಳಿಯುತ್ತದೆ. ತೀರ್ಮಾನ ಕೋರ್ಟಿಗೆ ಇಷ್ಟವಾಗದಿದ್ದರೆ ಸಾಲದು. ಜಿಸಿಎಚ್‌ಕ್ಯು ಪ್ರಕರಣದಲ್ಲೂ ಯೂನಿಯನ್‌ಗಳು ಸೋತವು. ಅಲ್ಲಿನ ನೌಕರರು ಯೂನಿಯನ್ ಸೇರುವುದನ್ನು ನಿಷೇಧಿಸುವ ಮುಂಚೆ ಸಮಾಲೋಚನೆ ನಡೆಸುತ್ತಾರೆ ಎಂಬ ನ್ಯಾಯಸಮ್ಮತ ನಿರೀಕ್ಷೆ ಅವರಿಗಿತ್ತು, ಆದರೆ ರಾಷ್ಟ್ರೀಯ ಭದ್ರತೆಯ ಕಾರಣ ಮೇಲಾಯಿತು. ಎರಡರಲ್ಲೂ ಅರ್ಜಿದಾರರು ಗೆದ್ದರೆಂದು ಬರೆದರೆ ನಿಯಮ ಸರಿಯಿದ್ದರೂ ಅದನ್ನು ಅನ್ವಯಿಸುವ ಭಾಗ ತಲೆಕೆಳಗಾಗುತ್ತದೆ.

ವೆಡ್ನ್ಸ್‌ಬರಿಯ ಇಸವಿ 1947 ಎಂದು ಬರೆಯಲೋ 1948 ಎಂದೋ?

ತೀರ್ಪು ಬಂದದ್ದು 1947ರ ನವೆಂಬರ್‌ನಲ್ಲಿ, ವರದಿ ಅಚ್ಚಾದದ್ದು 1948ರ ಕೆ.ಬಿ. ಸಂಪುಟದಲ್ಲಿ. ಇದೇ ಗೊಂದಲ ಮೇಲೆ ಬಂದ, ಮುಂದೆ ಬರುವ ಇನ್ನೂ ಕೆಲವು ಪ್ರಕರಣಗಳಲ್ಲಿ ಇದೆ. ರಿಜ್ ತೀರ್ಪು 1963, ವರದಿ 1964. ಅನಿಸ್ಮಿನಿಕ್ ತೀರ್ಪು 1968ರ ಡಿಸೆಂಬರ್, ವರದಿ 1969. ಜಿಸಿಎಚ್‌ಕ್ಯು 1984, ವರದಿ 1985. ಕ್ರೈಪಾಕ್ 1969, ಆದರೆ ಎಐಆರ್ ವರದಿ 1970. ರೋಯಪ್ಪ 1973ರ ನವೆಂಬರ್, ಎಐಆರ್ 1974. ಓಂ ಕುಮಾರ್ 2000, ಎಸ್‌ಸಿಸಿ ವರದಿ 2001.

ಎರಡೂ ಸರಿ, ಎರಡನ್ನೂ ಬೆರೆಸುವುದು ತಪ್ಪು. ಕಾಲಾನುಕ್ರಮದ ಪ್ರಶ್ನೆಯಲ್ಲಿ ತೀರ್ಪಿನ ಇಸವಿ ಹಿಡಿಯಿರಿ, ಯಾವುದು ಮೊದಲು ಯಾವುದು ಆಮೇಲೆ ಎನ್ನುವುದು ಅದರಿಂದಲೇ ಸರಿಯಾಗಿ ಸಿಗುತ್ತದೆ.

ಕಾನೂನುಬಾಹಿರತೆ ಎಳೆಗೆ ಯಾವ ಪ್ರಕರಣಗಳು ಸಾಕು?

ಇಂಗ್ಲೆಂಡಿನಿಂದ ಎರಡು. 1968ರ ಪ್ಯಾಡ್‌ಫೀಲ್ಡ್: ಹಾಲು ಉತ್ಪಾದಕರ ದೂರನ್ನು ತನಿಖಾ ಸಮಿತಿಗೆ ಕಳಿಸಲು ಮಂತ್ರಿ ಒಪ್ಪಲಿಲ್ಲ. ವಿವೇಚನಾಧಿಕಾರವನ್ನು ಶಾಸನದ ಉದ್ದೇಶಕ್ಕೇ ಬಳಸಬೇಕು, ಉದ್ದೇಶವನ್ನು ಸೋಲಿಸಲು ಬಳಸಬಾರದು ಎಂದಾಯಿತು. ಅದೇ ವರ್ಷದ ಕೊನೆಗೆ ಅನಿಸ್ಮಿನಿಕ್: "ಯಾವ ಕೋರ್ಟೂ ಪ್ರಶ್ನಿಸುವಂತಿಲ್ಲ" ಎಂಬ ಷರತ್ತು ಶಾಸನದಲ್ಲಿದ್ದರೂ ಕಾನೂನಿನ ತಪ್ಪು ಮಾಡಿದ ತೀರ್ಮಾನಕ್ಕೆ ಅದು ರಕ್ಷಣೆಯಾಗದು.

ಭಾರತದಿಂದ ಒಂದು ಹಳೆಯ ಪ್ರಕರಣ ಬಿಡಬೇಡಿ, 1951ರ ಗೋರ್ಧನದಾಸ್ ಭಾಂಜಿ. ಬಾಂಬೆಯ ಪೊಲೀಸ್ ಕಮಿಷನರ್ ಸಿನಿಮಾ ಮಂದಿರಕ್ಕೆ ಕೊಟ್ಟ ಅನುಮತಿಯನ್ನು ಸರ್ಕಾರದ ನಿರ್ದೇಶನದಂತೆ ರದ್ದು ಮಾಡಿದರು. ರದ್ದು ಮಾಡುವ ಅಧಿಕಾರ ಕಮಿಷನರ್‌ದು, ಸರ್ಕಾರದ್ದಲ್ಲ. ಹಾಗಾಗಿ ಇನ್ನೊಬ್ಬರ ಮಾತಿನಂತೆ ನಡೆದ ಆದೇಶ ನಿಲ್ಲಲಿಲ್ಲ. ಆದೇಶದಲ್ಲಿ ಬರೆದಿರುವುದನ್ನೇ ನೋಡಬೇಕು, ಆಮೇಲೆ ಕೊಟ್ಟ ವಿವರಣೆಯಿಂದ ಅದನ್ನು ತಿದ್ದಲಾಗದು ಎಂಬ ಮಾತೂ ಅಲ್ಲೇ ಇದೆ. ಮೊಹಿಂದರ್ ಸಿಂಗ್ ಗಿಲ್ ಪ್ರಕರಣ (1977ರ ಡಿಸೆಂಬರ್) ಎತ್ತಿ ಹಿಡಿದದ್ದು ಇದನ್ನೇ.

ಸಮಸ್ಯೆ ರೂಪದ ಪ್ರಶ್ನೆ ಬಂದರೆ? ಒಂದನ್ನು ಪೂರ್ತಿ ಬಿಡಿಸಿ ತೋರಿಸುತ್ತೀರಾ?

ನಮ್ಮೂರಿನದೇ ಪ್ರಕರಣ ತೆಗೆದುಕೊಳ್ಳೋಣ: ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ. ಎಸ್. ಮುದ್ದಪ್ಪ, 1991. ಸದಾಶಿವನಗರ ಎಂದು ಈಗ ಕರೆಯುವ ರಾಜಮಹಲ್ ವಿಲಾಸ್ ಬಡಾವಣೆಯ ಯೋಜನೆಯಲ್ಲಿ ಒಂದು ಜಾಗ ಸಾರ್ವಜನಿಕ ಉದ್ಯಾನಕ್ಕೆ ಮೀಸಲಾಗಿತ್ತು. 1976ರಲ್ಲಿ, ಮುಖ್ಯಮಂತ್ರಿಯ ಸೂಚನೆಯಂತೆ ಹೊರಟ ಸರ್ಕಾರಿ ಆದೇಶದ ಮೇಲೆ, ಅದನ್ನು ಖಾಸಗಿ ನರ್ಸಿಂಗ್ ಹೋಮ್ ಕಟ್ಟಲು ಟ್ರಸ್ಟ್‌ಗೆ ಕೊಡಲಾಯಿತು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಅದಕ್ಕೆ ತಕ್ಕಂತೆ ನಿರ್ಣಯ ಮಾಡಿತು. ಬಡಾವಣೆಯ ನಿವಾಸಿಗಳು ರಿಟ್ ಹಾಕಿದರು. ಹೈಕೋರ್ಟಿನ ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. ಟ್ರಸ್ಟ್ ಸುಪ್ರೀಂ ಕೋರ್ಟಿಗೆ ಹೋಯಿತು.

ಉತ್ತರದ ಮೊದಲ ಹೆಜ್ಜೆ, ಅಧಿಕಾರ ಯಾರದು ಎಂದು ಕೇಳುವುದು. ಪ್ರಾಧಿಕಾರದ ಕಾಯ್ದೆಯ 19(4)ನೇ ಸೆಕ್ಷನ್ ಯೋಜನೆಯಲ್ಲಿ ಸುಧಾರಣೆ ಸಾಧ್ಯವೆಂದು ಕಂಡರೆ ಅದನ್ನು ಬದಲಿಸುವ ಅಧಿಕಾರವನ್ನು ಪ್ರಾಧಿಕಾರಕ್ಕೆ ಕೊಡುತ್ತದೆ. ಇಲ್ಲಿ ತೀರ್ಮಾನ ಮೇಲಿನಿಂದ ಬಂತು, ಪ್ರಾಧಿಕಾರ ತಾನಾಗಿ ಯೋಚಿಸಲಿಲ್ಲ. ಹಾಗಾಗಿ ಗೋರ್ಧನದಾಸ್ ಪ್ರಕರಣವನ್ನು ಇಲ್ಲಿ ಜೋಡಿಸಿ.

ಎರಡನೆಯ ಹೆಜ್ಜೆ, ಉದ್ದೇಶ. ಬಡಾವಣೆಯ ಜನರ ಗಾಳಿ ಬೆಳಕಿಗಾಗಿ ಬಿಟ್ಟ ಜಾಗವನ್ನು ಖಾಸಗಿ ಸಂಸ್ಥೆಗೆ ಕೊಡುವುದು "ಸುಧಾರಣೆ" ಆಗುತ್ತದೆಯೇ? ಆಸ್ಪತ್ರೆಯೂ ಜನರಿಗೇ ಬೇಕಾದ್ದಲ್ಲವೇ ಎಂಬುದು ಟ್ರಸ್ಟ್‌ನ ವಾದ. ಇದು ಹಗುರವಾದ ವಾದವಲ್ಲ, ಉತ್ತರದಲ್ಲಿ ಇದನ್ನು ಎತ್ತಿಕೊಂಡೇ ಮುಂದೆ ಹೋಗಬೇಕು. ಎಲ್ಲರಿಗೂ ತೆರೆದಿರುವ ಉದ್ಯಾನ ಬೇರೆ, ಹಣ ಕೊಟ್ಟವರಿಗೆ ತೆರೆಯುವ ಖಾಸಗಿ ನರ್ಸಿಂಗ್ ಹೋಮ್ ಬೇರೆ, ಒಂದರ ಬದಲು ಇನ್ನೊಂದನ್ನು ಇಡಲಾಗದು ಎನ್ನುವುದು ಸುಪ್ರೀಂ ಕೋರ್ಟಿನ ಉತ್ತರ. ಇದು ಪ್ಯಾಡ್‌ಫೀಲ್ಡ್ ಎಳೆ.

ಮೂರನೆಯದಾಗಿ ಅರ್ಜಿ ಹಾಕುವ ಹಕ್ಕು. ಯಾರೊಬ್ಬರ ಸ್ವಂತ ಆಸ್ತಿಯೂ ಹೋಗಿಲ್ಲ. ಆದರೂ ಬಡಾವಣೆಯ ನಿವಾಸಿಗಳಿಗೆ ಆ ಉದ್ಯಾನದಲ್ಲಿ ನೇರ ಆಸಕ್ತಿ ಇದೆ ಎಂದು ಕೋರ್ಟು ಒಪ್ಪಿತು.

ಏನು ಬರೆಯಬಾರದು ಎನ್ನುವುದೂ ಇಲ್ಲಿ ಕಲಿಯಬೇಕಾದ್ದು. ಈ ಸಂಗತಿಗೆ ವೆಡ್ನ್ಸ್‌ಬರಿಯನ್ನು ಮೊದಲ ಆಧಾರ ಮಾಡಬೇಡಿ. ಅಧಿಕಾರವೇ ಇಲ್ಲದ ಕಡೆ "ಅತಾರ್ಕಿಕ" ಎಂದು ವಾದಿಸುವುದು, ಬಾಗಿಲು ತೆರೆದಿರುವಾಗ ಗೋಡೆ ಹತ್ತಿದ ಹಾಗೆ. ಕಾನೂನುಬಾಹಿರತೆ ಮೊದಲು, ಅದು ಸಿಗದಿದ್ದರೆ ಕಾರ್ಯವಿಧಾನ, ಅದೂ ಸಿಗದಿದ್ದರೆ ಅತಾರ್ಕಿಕತೆ. ವಕೀಲರು ರಿಟ್ ಅರ್ಜಿಯಲ್ಲಿ ಆಧಾರಗಳನ್ನು ಜೋಡಿಸುವಾಗಲೂ ಇದೇ ಅನುಕ್ರಮ ಹೆಚ್ಚು ಕೆಲಸಕ್ಕೆ ಬರುತ್ತದೆ, ಏಕೆಂದರೆ ಮೊದಲನೆಯದನ್ನು ಸಾಬೀತು ಮಾಡುವುದು ಸುಲಭ, ಕೊನೆಯದು ಕಷ್ಟ.

ರೋಯಪ್ಪ ಪ್ರಕರಣ ಯಾವ ಎಳೆಗೆ ಸೇರುತ್ತದೆ?

ಅತಾರ್ಕಿಕತೆಯ ಎಳೆಗೆ, ಆದರೆ ಭಾರತದ ಸ್ವಂತ ದಾರಿಯಲ್ಲಿ. ತಮಿಳುನಾಡಿನ ಮುಖ್ಯ ಕಾರ್ಯದರ್ಶಿಯನ್ನು ಬೇರೆ ಹುದ್ದೆಗೆ ವರ್ಗ ಮಾಡಿದ ಪ್ರಕರಣ ಅದು. ಅವರು ಸೋತರು, ದುರುದ್ದೇಶ ಸಾಬೀತಾಗಲಿಲ್ಲ. ಆದರೆ ಮನಸೋ ಇಚ್ಛೆಯ ವರ್ತನೆಯೂ ಸಮಾನತೆಯೂ ಒಟ್ಟಿಗೆ ಇರಲಾರವು ಎಂದು ನ್ಯಾಯಮೂರ್ತಿ ಭಗವತಿ ಅಲ್ಲಿ ಬರೆದರು. ಅದರಿಂದ 14ನೇ ವಿಧಿಯ ಮೂಲಕವೇ ನಿರಂಕುಶ ಆದೇಶವನ್ನು ಪ್ರಶ್ನಿಸುವ ಹಾದಿ ತೆರೆಯಿತು. 1979ರ ರಮಣ ದಯಾರಾಮ್ ಶೆಟ್ಟಿ ಪ್ರಕರಣ ಅದನ್ನು ಟೆಂಡರ್, ಗುತ್ತಿಗೆಗಳಿಗೂ ಒಯ್ದಿತು.

ಪ್ರಮಾಣಬದ್ಧತೆ ಭಾರತಕ್ಕೆ ಯಾವಾಗ ಬಂತು? 1987, 2000, 2016 ಎಂದು ಮೂರು ಇಸವಿ ಕಾಣುತ್ತವೆ.

ಮೂರೂ ಸರಿ, ಆದರೆ ಮೂರರ ಕೆಲಸ ಬೇರೆ ಬೇರೆ. ಬೇರು ಇನ್ನೂ ಹಿಂದಿದೆ. ನಿಧಾನವಾಗಿ ನೋಡೋಣ, ಹೆಚ್ಚು ಗೊಂದಲ ಇರುವುದು ಇಲ್ಲೇ.

1950ರ ಚಿಂತಾಮನ್ ರಾವ್ ಪ್ರಕರಣದಲ್ಲಿ ಮಧ್ಯಪ್ರದೇಶದ ಕೆಲವು ಹಳ್ಳಿಗಳಲ್ಲಿ ಕೃಷಿ ಹಂಗಾಮಿನಲ್ಲಿ ಬೀಡಿ ಕಟ್ಟುವುದನ್ನು ಪೂರ್ತಿ ನಿಷೇಧಿಸಲಾಗಿತ್ತು. ಹೊಲದ ಕೆಲಸಕ್ಕೆ ಆಳು ಸಿಗಲಿ ಎಂಬ ಉದ್ದೇಶ. ಆದರೆ ಹೊಲಕ್ಕೆ ಹೋಗಲಾಗದ ಮುದುಕರು, ಅಶಕ್ತರು ಕೂಡ ಮನೆಯಲ್ಲಿ ಕೂತು ಬೀಡಿ ಕಟ್ಟುವಂತಿರಲಿಲ್ಲ. ಉದ್ದೇಶಕ್ಕೆ ಬೇಕಾದ್ದಕ್ಕಿಂತ ಬಹಳ ಹೆಚ್ಚಿನ ನಿರ್ಬಂಧ ಎಂದು ಕೋರ್ಟು ಅದನ್ನು ತಳ್ಳಿಹಾಕಿತು. ಪ್ರಮಾಣಬದ್ಧತೆ ಎಂಬ ಹೆಸರು ಅಲ್ಲಿಲ್ಲ, ಯೋಚನೆ ಅದೇ.

1987ರಲ್ಲಿ ರಂಜಿತ್ ಠಾಕೂರ್. ಸೇನೆಯ ಸಿಗ್ನಲ್‌ಮನ್ ಒಬ್ಬ ಶಿಕ್ಷೆ ಅನುಭವಿಸುತ್ತಿದ್ದಾಗ ಊಟ ಮಾಡು ಎಂಬ ಆಜ್ಞೆಯನ್ನು ಪಾಲಿಸಲಿಲ್ಲ. ಸಮ್ಮರಿ ಕೋರ್ಟ್ ಮಾರ್ಷಲ್ ಒಂದು ವರ್ಷದ ಕಠಿಣ ಸೆರೆವಾಸದ ಜೊತೆಗೆ ಅವನನ್ನು ವಜಾ ಮಾಡಿತು. ಶಿಕ್ಷೆ ಮನಸ್ಸಾಕ್ಷಿಗೆ ಆಘಾತ ಕೊಡುವಷ್ಟು ಅತಿಯಾಗಿದೆ ಎಂದು ಡಿಪ್ಲಾಕ್ ಅವರ ಮಾತನ್ನು ನೆನೆಯುತ್ತಾ ಬರೆದವರು ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯ. ಪಕ್ಷಪಾತವೂ ಅಲ್ಲಿ ಇನ್ನೊಂದು ಆಧಾರ. ಆತ ಯಾರ ಮೇಲೆ ದೂರು ಕೊಟ್ಟಿದ್ದನೋ ಅದೇ ಅಧಿಕಾರಿ ಕೋರ್ಟ್ ಮಾರ್ಷಲ್‌ನಲ್ಲಿ ಕೂತಿದ್ದರು. ಒಂದೇ ಪ್ರಕರಣ ಎರಡು ಎಳೆಗೆ ಸೇರುವುದಕ್ಕೆ ಇದು ಒಳ್ಳೆಯ ಉದಾಹರಣೆ.

2000ದ ಓಂ ಕುಮಾರ್ ಈ ವಿಷಯಕ್ಕೆ ಚೌಕಟ್ಟು ಕೊಟ್ಟಿತು. ಆಡಳಿತ ಕ್ರಮ ತಾರತಮ್ಯದಿಂದ ಕೂಡಿದೆ ಎಂದು 14ನೇ ವಿಧಿಯಡಿ ಪ್ರಶ್ನಿಸಿದರೆ, ಅಥವಾ 19, 21ನೇ ವಿಧಿಗಳ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದರೆ, ನ್ಯಾಯಾಲಯವೇ ತೂಗಿ ನೋಡುತ್ತದೆ. ಇದು ಪ್ರಾಥಮಿಕ ಪರಾಮರ್ಶೆ. ಇಲಾಖಾ ಶಿಕ್ಷೆ ಮನಸೋ ಇಚ್ಛೆಯದು ಎಂದಷ್ಟೇ ಪ್ರಶ್ನಿಸಿದರೆ ವೆಡ್ನ್ಸ್‌ಬರಿಯ ಅಳತೆಯೇ ಉಳಿಯುತ್ತದೆ. ಇದು ದ್ವಿತೀಯ ಪರಾಮರ್ಶೆ. ಇಂಗ್ಲೆಂಡಿನಲ್ಲಿ ಪ್ರಮಾಣಬದ್ಧತೆಗೂ ವೆಡ್ನ್ಸ್‌ಬರಿಗೂ ಇರುವ ವ್ಯತ್ಯಾಸವನ್ನು ಲಾರ್ಡ್ ಸ್ಟೇನ್ ಬಿಡಿಸಿಟ್ಟ ಡೇಲಿ ಪ್ರಕರಣ ಬಂದದ್ದು 2001ರ ಮೇ ತಿಂಗಳಲ್ಲಿ, ಅಂದರೆ ಓಂ ಕುಮಾರ್ ಆದ ಮೇಲೆ. "ಇಂಗ್ಲೆಂಡನ್ನು ಭಾರತ ಅನುಸರಿಸಿತು" ಎಂದು ಎಲ್ಲ ಕಡೆ ಬರೆದುಬಿಡುವ ಅಭ್ಯಾಸಕ್ಕೆ ಈ ಇಸವಿಗಳು ಅಡ್ಡ ಬರುತ್ತವೆ.

2016ರ ಮಾಡರ್ನ್ ಡೆಂಟಲ್ ಕಾಲೇಜು ಪ್ರಕರಣ ನಾಲ್ಕು ಹಂತಗಳ ಪರೀಕ್ಷೆಯನ್ನು ಸ್ಪಷ್ಟವಾಗಿ ಬರೆಯಿತು. ಉದ್ದೇಶ ಯೋಗ್ಯವೇ, ಕ್ರಮಕ್ಕೂ ಉದ್ದೇಶಕ್ಕೂ ತಾರ್ಕಿಕ ಸಂಬಂಧವಿದೆಯೇ, ಇಷ್ಟೇ ಕೆಲಸ ಮಾಡುವ ಕಡಿಮೆ ಕಟ್ಟುಪಾಡಿನ ಬೇರೆ ದಾರಿ ಇತ್ತೇ, ಕೊನೆಗೆ ಲಾಭಕ್ಕೂ ಹಕ್ಕಿನ ನಷ್ಟಕ್ಕೂ ಸರಿಯಾದ ತೂಕವಿದೆಯೇ. ಬೀಡಿ ಪ್ರಕರಣವನ್ನು ಈ ನಾಲ್ಕರ ಮೇಲೆ ಹಾಯಿಸಿ ನೋಡಿ. ಮೊದಲ ಎರಡರಲ್ಲಿ ಅದು ಪಾಸಾಗುತ್ತದೆ, ಮೂರನೆಯದರಲ್ಲಿ ಬೀಳುತ್ತದೆ, ಏಕೆಂದರೆ ಹೊಲಕ್ಕೆ ಹೋಗಬಲ್ಲವರನ್ನು ಮಾತ್ರ ತಡೆಯಬಹುದಿತ್ತು.

ಹಾಗಾದರೆ ಈಗ ವೆಡ್ನ್ಸ್‌ಬರಿ ಸತ್ತಿದೆ ಎಂದು ಬರೆಯಬಹುದೇ?

ಬರೆಯಬೇಡಿ. ಮೂಲಭೂತ ಹಕ್ಕು ಇರುವ ಕಡೆ ಪ್ರಮಾಣಬದ್ಧತೆ ಮುಂದೆ ಬಂದಿದೆ. 2020ರ ಜನವರಿಯ ಅನುರಾಧಾ ಭಾಸಿನ್ ತೀರ್ಪು ಕಾಶ್ಮೀರದ ಇಂಟರ್ನೆಟ್ ನಿರ್ಬಂಧಕ್ಕೆ ಅದನ್ನೇ ಅಳತೆ ಮಾಡಿತು. ಆದರೆ ಟೆಂಡರ್, ಇಲಾಖಾ ಶಿಕ್ಷೆ, ನೀತಿಯ ತೀರ್ಮಾನಗಳಲ್ಲಿ ಹಳೆಯ ಅಳತೆ ಇನ್ನೂ ಕೆಲಸ ಮಾಡುತ್ತಿದೆ. ರೈಲ್ವೆ ನೇಮಕಾತಿ ಮಂಡಳಿಯ ಶ್ಯಾಮ್ ಕುಮಾರ್ ಪ್ರಕರಣದಲ್ಲಿ (2010) ಸುಪ್ರೀಂ ಕೋರ್ಟ್ ಪ್ರಮಾಣಬದ್ಧತೆಯನ್ನು ಮೆಚ್ಚಿಯೂ ವೆಡ್ನ್ಸ್‌ಬರಿಯನ್ನು ಸಮಾಧಿ ಮಾಡಲಿಲ್ಲ.

ಪರೀಕ್ಷೆಯ ಹಿಂದಿನ ರಾತ್ರಿ ನೋಡಲು ಒಂದು ಪುಟದ ಪಟ್ಟಿ ಕೊಡುತ್ತೀರಾ?

- ಕಾನೂನುಬಾಹಿರತೆ: 1951 ಗೋರ್ಧನದಾಸ್, 1968 ಪ್ಯಾಡ್‌ಫೀಲ್ಡ್, 1968 ಅನಿಸ್ಮಿನಿಕ್, 1991 ಮುದ್ದಪ್ಪ.
- ಕಾರ್ಯವಿಧಾನ: 1863 ಕೂಪರ್, 1923ರ ತಿರುವು, 1963 ರಿಜ್, 1969 ಕ್ರೈಪಾಕ್, 1978 ಮೇನಕಾ.
- ಅತಾರ್ಕಿಕತೆ: 1947 ವೆಡ್ನ್ಸ್‌ಬರಿ, 1973 ರೋಯಪ್ಪ, 1979 ರಮಣ, 1994 ಟಾಟಾ ಸೆಲ್ಯುಲರ್.
- ಪ್ರಮಾಣಬದ್ಧತೆ: 1950 ಚಿಂತಾಮನ್, 1987 ರಂಜಿತ್ ಠಾಕೂರ್, 2000 ಓಂ ಕುಮಾರ್, 2001 ಡೇಲಿ, 2016 ಮಾಡರ್ನ್ ಡೆಂಟಲ್.

ನಡುವೆ ಅಡ್ಡಗೆರೆಯಾಗಿ 1984ರ ಜಿಸಿಎಚ್‌ಕ್ಯು ಹಾಕಿ. ಪಟ್ಟಿಯನ್ನು ಕೈಯಿಂದಲೇ ಬರೆಯಿರಿ. ಪ್ರತಿ ಹೆಸರಿನ ಎದುರು ಸಂಗತಿಯ ಒಂದೇ ಒಂದು ವಸ್ತುವನ್ನು ಗುರುತಿಸಿ: ಮನೆ, ಹಾಲು, ಉದ್ಯಾನ, ಬೀಡಿ, ಊಟ. ಪರೀಕ್ಷೆ ಕೊಠಡಿಯಲ್ಲಿ ಹೆಸರು ಮರೆತರೂ ವಸ್ತು ನೆನಪಾಗುತ್ತದೆ. ಆಗ "ಬೀಡಿ ನಿಷೇಧದ ಪ್ರಕರಣದಲ್ಲಿ" ಎಂದು ಬರೆದು ಮುಂದೆ ಹೋಗಬಹುದು. ನೆನಪಿಲ್ಲದ ಸೈಟೇಷನ್ ಅನ್ನು ಊಹಿಸಿ ಬರೆಯುವುದಕ್ಕಿಂತ ಇದು ಎಷ್ಟೋ ವಾಸಿ.

ಆಧಾರ ಸಾಬೀತಾದರೆ ಕೋರ್ಟು ಏನು ಮಾಡುತ್ತದೆ? ಇದನ್ನೂ ಉತ್ತರದಲ್ಲಿ ಬರೆಯಬೇಕೇ?

ಬರೆಯಬೇಕು, ಎರಡು ಸಾಲು ಸಾಕು. ಯಾವ ಆಧಾರದ ಮೇಲೆ ಗೆದ್ದಿರಿ ಎನ್ನುವುದರ ಮೇಲೆ ಪರಿಹಾರ ನಿಂತಿದೆ. ಕಾರ್ಯವಿಧಾನದ ಲೋಪವಾದರೆ ಸಾಮಾನ್ಯವಾಗಿ ವಿಷಯ ಅದೇ ಅಧಿಕಾರಿಯ ಬಳಿಗೆ ಹಿಂದಿರುಗುತ್ತದೆ. ಅವರು ನೋಟಿಸ್ ಕೊಟ್ಟು, ಮಾತು ಕೇಳಿ, ಕಾರಣ ಬರೆದು ಮತ್ತೆ ಅದೇ ತೀರ್ಮಾನಕ್ಕೆ ಬರಲೂಬಹುದು. ಮೇನಕಾ ಪ್ರಕರಣದಲ್ಲಿ, ಅಹವಾಲು ಕೇಳುತ್ತೇವೆ ಎಂದು ಸರ್ಕಾರ ಒಪ್ಪಿಕೊಂಡಿತು, ಆದ್ದರಿಂದ ಕೋರ್ಟು ಜಪ್ತಿ ಆದೇಶವನ್ನು ನೇರವಾಗಿ ರದ್ದು ಮಾಡಲಿಲ್ಲ. ಅಧಿಕಾರವೇ ಇಲ್ಲದಿದ್ದ ಕಡೆ ಹಿಂದಕ್ಕೆ ಕಳಿಸಲು ಏನೂ ಉಳಿಯುವುದಿಲ್ಲ. ಮುದ್ದಪ್ಪ ಪ್ರಕರಣದಲ್ಲಿ ಟ್ರಸ್ಟ್‌ನ ಮೇಲ್ಮನವಿ ವಜಾ ಆಯಿತು, ಹಂಚಿಕೆ ಬಿದ್ದುಹೋಯಿತು, ಸದಾಶಿವನಗರದ ಆ ಜಾಗದ ಮೇಲಿನ ಮೀಸಲು ಉದ್ಯಾನಕ್ಕೇ ಉಳಿಯಿತು.